ಸ್ಲೈಡು ಮುಚ್ಚಿಟ್ಟು ಬರೆದ ಟಿಪ್ಪಣಿ

ಕಿರಿಯರೇ, ಸ್ಲೈಡನ್ನು ನಕಲು ಮಾಡಿದರೆ ಟಿಪ್ಪಣಿಯಾಗುವುದಿಲ್ಲ. ಉದಾಹರಣೆಗೆ ಮಂಗಳೂರಿನ ಸುತ್ತ ಎಲ್ಲೆಲ್ಲೂ ಕಾಣುವ ಮುರಕಲ್ಲಿನ ಪಾಠವನ್ನೇ ತೆಗೆದುಕೊಳ್ಳೋಣ. ಸ್ಲೈಡಿನಲ್ಲಿದ್ದದ್ದು ಇಷ್ಟೇ: ಅಧಿಕ ಮಳೆ, ಬಿಸಿ ಹವೆ, ಸಿಲಿಕಾ ನಷ್ಟ, ಕಬ್ಬಿಣದ ಆಕ್ಸೈಡು. ಇದನ್ನು ಹಾಗೆಯೇ ನಕಲು ಮಾಡಿಕೊಂಡ ಟಿಪ್ಪಣಿ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಏನನ್ನೂ ಹೇಳಲಿಲ್ಲ. ಒಂದರಿಂದ ಇನ್ನೊಂದು ಹೇಗಾಯಿತು ಎಂಬುದು ಉಪನ್ಯಾಸಕರ ಮಾತಿನಲ್ಲಿತ್ತು, ಪರದೆಯ ಮೇಲಲ್ಲ.

ಹಾಗಾಗಿ ಈಗ ತರಗತಿಯಲ್ಲಿ ಪರದೆಯಲ್ಲಿಲ್ಲದ್ದನ್ನು ಮಾತ್ರ ಗುರುತು ಹಾಕಿಕೊಳ್ಳುತ್ತೇನೆ: ಅವರು ‘ಏಕೆಂದರೆ’ ಎಂದ ಜಾಗ, ಹಲಗೆಯ ಮೇಲೆ ಎಳೆದ ಬಾಣ, ಕೊಟ್ಟ ಉದಾಹರಣೆ. ಅದೇ ಸಂಜೆ ಸ್ಲೈಡು ತೆರೆಯದೆ, ನೆನಪಿನಿಂದ, ಪೂರ್ಣ ವಾಕ್ಯಗಳಲ್ಲಿ ಬರೆಯುತ್ತೇನೆ. ಮುರಕಲ್ಲಿನದು ಹೀಗೆ ಬಂತು: ‘ಮಳೆನೀರು ಬಂಡೆಯೊಳಗೆ ಇಳಿದು ಸಿಲಿಕಾ, ಕ್ಯಾಲ್ಸಿಯಂಗಳನ್ನು ಕರಗಿಸಿ ಒಯ್ಯುತ್ತದೆ. ಕಬ್ಬಿಣ ಮತ್ತು ಅಲ್ಯುಮಿನಿಯಂನ ಆಕ್ಸೈಡುಗಳು ಸುಲಭವಾಗಿ ಕರಗುವುದಿಲ್ಲ, ಆದ್ದರಿಂದ ಅಲ್ಲೇ ಉಳಿಯುತ್ತವೆ. ಕೆಂಪು ಬಣ್ಣ ಕಬ್ಬಿಣದ್ದು. ನೆಲದಿಂದ ಕಡಿಯುವಾಗ ಮೆತ್ತಗಿರುವ ಕಲ್ಲು ಬಿಸಿಲಿಗೆ ಗಟ್ಟಿಯಾಗುವುದು...’

ಅಲ್ಲಿಗೆ ಪೆನ್ನು ನಿಂತಿತು. ಒಂದು ಸಾಲು ಖಾಲಿ ಬಿಟ್ಟು ಸ್ಲೈಡು ತೆರೆದರೆ ಅಲ್ಲೂ ಉತ್ತರವಿರಲಿಲ್ಲ. ಮರುದಿನ ಉಪನ್ಯಾಸಕರನ್ನೇ ಕೇಳಿ, ತೇವ ಆರಿದಂತೆ ಕಬ್ಬಿಣದ ಆಕ್ಸೈಡು ಹರಳುಗಟ್ಟಿ ಕಣಗಳನ್ನು ಬೆಸೆಯುತ್ತದೆ ಎಂದು ಹಸಿರು ಶಾಯಿಯಲ್ಲಿ ಸೇರಿಸಿದೆ. ಪರೀಕ್ಷೆಗೆ ಮೊದಲು ನಾನು ತಿರುವಿ ನೋಡುವುದು ಹಸಿರು ಸಾಲುಗಳನ್ನೇ.

‘ಅಧಿಕ ಮಳೆ’ಯನ್ನು ‘ಹೆಚ್ಚು ಮಳೆ’ ಎಂದು ಬರೆದರೆ ಅದೂ ನಕಲೇ. ಪ್ರತಿ ವಾಕ್ಯಕ್ಕೂ ‘ಏಕೆ’ ಎಂದು ಕೇಳಿ ನೋಡಿ. ಟಿಪ್ಪಣಿಯಲ್ಲೇ ಉತ್ತರ ಸಿಗದಿದ್ದರೆ ಅಲ್ಲೊಂದು ಕೊಂಡಿ ತಪ್ಪಿದೆ. ವ್ಯಾಖ್ಯೆ, ಸೂತ್ರ, ಸಮೀಕರಣಗಳನ್ನು ಮಾತ್ರ ಇದ್ದ ಹಾಗೆಯೇ ಬರೆದುಕೊಳ್ಳಿ. ಅವುಗಳಲ್ಲಿ ಸ್ವಂತ ಮಾತು ಬೆರೆತರೆ ಅರ್ಥವೇ ಕೆಡುತ್ತದೆ.