500 ಕೀವರ್ಡ್‌ಗಳ ಪ್ಲಾನಿನಲ್ಲಿ 32 ಪದಗುಚ್ಛಗಳು ಹೇಗೆ ತುಂಬಿಕೊಂಡವು?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸಿ ಸಗಟಾಗಿ ಮಾರುವ ವ್ಯಾಪಾರಿಯೊಬ್ಬರು ತಮ್ಮ ವೆಬ್‌ಸೈಟ್ ಗೂಗಲ್ ಹುಡುಕಾಟದಲ್ಲಿ ಎಷ್ಟನೆಯ ಸ್ಥಾನದಲ್ಲಿ ಬರುತ್ತದೆಂದು ವಾರಕ್ಕೊಮ್ಮೆ ತಿಳಿಸುವ ಕೆಲಸವನ್ನು ನನಗೆ ಒಪ್ಪಿಸಿದಾಗ, ಬಿಲ್ ಪುಸ್ತಕದ ಹಿಂಬದಿಯಲ್ಲಿ 32 ಪದಗುಚ್ಛಗಳನ್ನು ಬರೆದುಕೊಟ್ಟಿದ್ದರು. ನಾನು ಬಳಸುತ್ತಿದ್ದ ಎಸ್‌ಇಒ ಟೂಲಿನ ಆರಂಭಿಕ ಪ್ಲಾನಿನಲ್ಲಿ 5 ಪ್ರಾಜೆಕ್ಟ್, 500 ಕೀವರ್ಡ್, ದಿನಕ್ಕೆ 3,000 ರಿಪೋರ್ಟ್ ಮತ್ತು ತಿಂಗಳಿಗೆ 1,00,000 ಪುಟಗಳ ಕ್ರಾಲ್ ಇದ್ದವು. ಐವರು ಗ್ರಾಹಕರಿಗೆ ಹಂಚಿದರೂ ತಲೆಗೆ ನೂರು ಕೀವರ್ಡ್ ಬರುತ್ತದೆ, 32 ಯಾವ ಲೆಕ್ಕ ಎಂದುಕೊಂಡಿದ್ದೆ. ಅವರೊಬ್ಬರ ಪಟ್ಟಿಯನ್ನು ಸೇರಿಸಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ 480/500 ಎಂದು ಕಾಣಿಸಿತು. ವಿಷಯ ತಿಳಿಸಿದಾಗ ಅವರು, "ನಾನು ಬರ್ಕೊಟ್ಟಿದ್ದು ಮೂವತ್ತೆರಡೇ ಅಲ್ಲೇನ್ರಿ ಸರ್?" ಎಂದರು. ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ತಪ್ಪಿದ್ದದ್ದು ನಾನು ಎಣಿಸಿದ ರೀತಿಯಲ್ಲಿ.

ಕೀವರ್ಡನ್ನು ಟೂಲ್ ಎಣಿಸುವ ಬಗೆ

ಸ್ಥಾನ ನೋಡುವ ಟೂಲಿಗೆ ಕೀವರ್ಡ್ ಎಂದರೆ ನಾವು ಬರೆದ ಪದವಷ್ಟೇ ಅಲ್ಲ. ಒಂದು ಪದಗುಚ್ಛವನ್ನು ಒಂದು ಊರಿನಿಂದ, ಒಂದು ಬಗೆಯ ಸಾಧನದಲ್ಲಿ ಹುಡುಕಿದರೆ ಅದು ಒಂದು ಎಣಿಕೆಯಾಗುತ್ತದೆ. ಅದೇ ಪದಗುಚ್ಛವನ್ನು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ನೋಡಬೇಕೆಂದರೆ ಎರಡಾಗುತ್ತದೆ; ಬಳ್ಳಾರಿ, ಬೆಂಗಳೂರು, ಹೈದರಾಬಾದ್, ಸೊಲ್ಲಾಪುರ ಈ ನಾಲ್ಕೂ ಊರುಗಳಿಂದ ನೋಡಬೇಕೆಂದರೆ ಎಂಟಾಗುತ್ತದೆ. ಹಾಗೆಯೇ ಒಂದಕ್ಷರ ವ್ಯತ್ಯಾಸವಾದರೂ ಅದು ಟೂಲಿಗೆ ಬೇರೆಯೇ ಕೀವರ್ಡ್.

ನಮ್ಮ ಊರಿನವರಿಗೆ ಈ ಕೊನೆಯ ಸಂಗತಿಯೇ ಹೆಚ್ಚು ದುಬಾರಿ. 2014ರ ನವೆಂಬರ್ 1ರಂದು ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾಯಿತಾದರೂ ಹಳೆಯ ಕಾಗುಣಿತದಲ್ಲಿ ಟೈಪ್ ಮಾಡುವ ಕೊಳ್ಳುಗರು, ಅದರಲ್ಲಿಯೂ ಹೊರರಾಜ್ಯದವರು, ಇನ್ನೂ ಇದ್ದಾರೆ. ಆದ್ದರಿಂದ `bellary jeans wholesale` ಮತ್ತು `ballari jeans wholesale` ಎರಡನ್ನೂ ಸೇರಿಸಬೇಕಾಯಿತು. ಈ ಎರಡಕ್ಕೂ ಗೂಗಲ್ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರೂ ಟೂಲ್ ಮಾತ್ರ ಎರಡಕ್ಕೂ ಬೇರೆ ಬೇರೆ ಲೆಕ್ಕ ಬರೆಯುತ್ತದೆ. ಹೊಸಪೇಟೆ, ಗಂಗಾವತಿಯ ವ್ಯಾಪಾರಿಗಳಿಗೂ ಇದೇ ಪಾಡು.

ವ್ಯಾಪಾರಿಯ 32ರಲ್ಲಿ 20 ಪದಗುಚ್ಛಗಳಲ್ಲಿ ಊರಿನ ಹೆಸರಿತ್ತು. ಎರಡು ಕಾಗುಣಿತ ಸೇರಿ ಅವು 40 ಆದವು. ಊರಿನ ಹೆಸರಿಲ್ಲದವು 12. "ಬಳ್ಳಾರಿ ಜೀನ್ಸ್ ಹೋಲ್‌ಸೇಲ್" ಎಂಬಂಥ, ಕನ್ನಡ ಲಿಪಿಯಲ್ಲಿಯೇ ಹುಡುಕುವ 8 ಪದಗುಚ್ಛಗಳನ್ನು ನಾನೇ ಸೇರಿಸಿದ್ದೆ. ನಾಲ್ಕು ಊರು, ಎರಡು ಬಗೆಯ ಸಾಧನ:

```
(40 + 12 + 8) × 4 × 2 = 480
```

ಪ್ಲಾನ್ ಕೊಳ್ಳುವ ಮೊದಲು ಈ ಗುಣಾಕಾರವನ್ನು ಒಂದು ಚೀಟಿಯ ಮೇಲೆ ಮಾಡಿ ನೋಡುವುದೇ ಮೊದಲ ಹೆಜ್ಜೆ. ಪ್ರತಿಸ್ಪರ್ಧಿಗಳ ಸೈಟುಗಳನ್ನು ಸೇರಿಸಿದರೆ ಎಣಿಕೆ ಏರುತ್ತದೆಂದು ಹಲವರು ಹೆದರುತ್ತಾರೆ. ಆದರೆ ಒಂದೇ ಫಲಿತಾಂಶದ ಪುಟದಲ್ಲಿ ಎಲ್ಲರ ಸ್ಥಾನವೂ ಕಾಣುವುದರಿಂದ ಸಾಮಾನ್ಯವಾಗಿ ಅದಕ್ಕೆ ಬೇರೆ ಲೆಕ್ಕವಿರುವುದಿಲ್ಲ.

ಪ್ರತಿ ಎಣಿಕೆಯ ಹಿಂದೆಯೂ ಟೂಲಿನ ಕಂಪನಿ ಗೂಗಲ್ ಪುಟವನ್ನು ತೆರೆದು ಓದುವ ಖರ್ಚು ಇರುತ್ತದೆ. 2025ರ ಸೆಪ್ಟೆಂಬರ್‌ವರೆಗೆ ವಿಳಾಸದ ಕೊನೆಯಲ್ಲಿ `&num=100` ಎಂದು ಸೇರಿಸಿದರೆ ನೂರು ಫಲಿತಾಂಶಗಳು ಒಂದೇ ಪುಟದಲ್ಲಿ ಬರುತ್ತಿದ್ದವು. ಆ ತಿಂಗಳು ಗೂಗಲ್ ಅದನ್ನು ನಿಲ್ಲಿಸಿದ ಮೇಲೆ, ಪುಟಕ್ಕೆ ಹತ್ತರಂತೆ ನೂರು ಫಲಿತಾಂಶ ನೋಡಲು ಹತ್ತು ಪುಟ ತೆರೆಯಬೇಕಾಯಿತು. ಆದ್ದರಿಂದ ಈಗ ಪ್ಲಾನ್ ನೋಡುವಾಗ ಕೀವರ್ಡ್ ಎಷ್ಟು ಎಂಬುದರ ಜೊತೆಗೆ, ಎಷ್ಟನೆಯ ಸ್ಥಾನದವರೆಗೆ ನೋಡುತ್ತಾರೆ, ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಎಂಬುದನ್ನೂ ಓದಿಕೊಳ್ಳಬೇಕು. ಮೊದಲ 20 ಸ್ಥಾನಗಳನ್ನಷ್ಟೇ ನೋಡುವ ಪ್ಲಾನಿನಲ್ಲಿ 35ನೆಯ ಸ್ಥಾನದಲ್ಲಿರುವ ಹೊಸ ಸೈಟು "ಇಲ್ಲ" ಎಂದೇ ಕಾಣುತ್ತದೆ. ಅದು 60ರಿಂದ 35ಕ್ಕೆ ಏರಿದ್ದು ಗೊತ್ತೇ ಆಗುವುದಿಲ್ಲ.

ಪಟ್ಟಿಯನ್ನು ಇಳಿಸುವುದು

ಇಳಿಸಲು ಬೇಕಾದ ಆಧಾರ ಗೂಗಲ್ ಸರ್ಚ್ ಕನ್ಸೋಲಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಅದರಲ್ಲಿ ಸೈಟಿಗೆ ಸಂಬಂಧಿಸಿದ 16 ತಿಂಗಳವರೆಗಿನ ಹುಡುಕಾಟದ ಮಾಹಿತಿ ಇರುತ್ತದೆ. `Performance` ವಿಭಾಗಕ್ಕೆ ಹೋಗಿ, ಹುಡುಕಾಟದ ಪದಗಳಲ್ಲಿ `bellary` ಇರುವುವನ್ನು ಸೋಸಿ ನೋಡಿ, ಆಮೇಲೆ `ballari` ಇರುವುವನ್ನು ಸೋಸಿ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟೆ. 20 ಜೋಡಿಗಳಲ್ಲಿ 14ರಲ್ಲಿ ಒಂದು ಕಾಗುಣಿತಕ್ಕೆ ಮಾತ್ರ ಗಣನೀಯ ಹುಡುಕಾಟವಿತ್ತು. ಆ 14ರಲ್ಲಿ ಒಂದೊಂದನ್ನು ಕೈಬಿಟ್ಟಾಗ 40 ಇದ್ದದ್ದು 26 ಆಯಿತು.

`Devices` ಎಂಬ ಪಟ್ಟಿಯಲ್ಲಿ ನೋಡಿದರೆ ಬಂದವರಲ್ಲಿ ಹೆಚ್ಚಿನವರು ಮೊಬೈಲಿನವರೇ. ಬೆಂಗಳೂರಿನ ಕೆಲವು ದೊಡ್ಡ ಅಂಗಡಿಗಳ ಖರೀದಿ ವಿಭಾಗದವರು ಮಾತ್ರ ಕಂಪ್ಯೂಟರಿನಿಂದ ನೋಡುತ್ತಾರೆಂದು ವ್ಯಾಪಾರಿಯೇ ಹೇಳಿದರು. ಹಾಗಾಗಿ ಕಂಪ್ಯೂಟರಿನ ಎಣಿಕೆಯನ್ನು ಬೆಂಗಳೂರಿಗೆ, ಅದೂ 10 ಪದಗುಚ್ಛಗಳಿಗೆ ಮಾತ್ರ ಉಳಿಸಿದೆ. ಊರು ಊರಿನ ಲೆಕ್ಕ ಸರ್ಚ್ ಕನ್ಸೋಲಿನಲ್ಲಿ ಸಿಗುವುದಿಲ್ಲ, ದೇಶದ ಮಟ್ಟಕ್ಕೇ ನಿಲ್ಲುತ್ತದೆ. ಅದಕ್ಕೆ ನಮಗೆ ನೆರವಾದದ್ದು ಅಂಗಡಿಯ ಲಾರಿ ರಸೀದಿಗಳ ಫೈಲು. ಮಾಲು ಯಾವ ಊರಿಗೆ ಹೋಗುತ್ತಿದೆಯೋ ಆ ಊರಿನಿಂದ ಹುಡುಕಾಟ ನೋಡುವುದರಲ್ಲಿ ಅರ್ಥವಿದೆ.

ಊರಿನ ಹೆಸರು ಪದಗುಚ್ಛದಲ್ಲಿಯೇ ಇದ್ದರೆ ಎಲ್ಲಿಂದ ಹುಡುಕಿದರೂ ಫಲಿತಾಂಶದಲ್ಲಿ ವ್ಯತ್ಯಾಸ ಕಡಿಮೆ. `jeans wholesale near me` ಎಂಬಂಥದ್ದರಲ್ಲಿ ಊರು ಬದಲಾದರೆ ಎಲ್ಲವೂ ಬದಲಾಗುತ್ತದೆ. ಆದ್ದರಿಂದ ಮೊದಲ ಬಗೆಯ 26ಕ್ಕೆ ಬಳ್ಳಾರಿ ಮತ್ತು ಹೈದರಾಬಾದ್ ಎರಡನ್ನೇ ಇಟ್ಟು, ಎರಡನೆಯ ಬಗೆಯ 12ಕ್ಕೆ ನಾಲ್ಕೂ ಊರುಗಳನ್ನು ಉಳಿಸಿದೆ. ಕನ್ನಡ ಲಿಪಿಯ 8ಕ್ಕೆ ಬಳ್ಳಾರಿ, ಬೆಂಗಳೂರು ಸಾಕು.

```
26 × 2 = 52
12 × 4 = 48
 8 × 2 = 16
10 × 1 = 10
ಒಟ್ಟು   126
```

480 ಇದ್ದದ್ದು 126ಕ್ಕೆ ಇಳಿಯಿತು, ಉಳಿದ ನಾಲ್ವರು ಗ್ರಾಹಕರಿಗೆ 374 ಸಿಕ್ಕಿತು. ವ್ಯಾಪಾರಿಗೆ ಕಳುಹಿಸುವ ವಾರದ ಹಾಳೆಯಲ್ಲಿ ಅವರು ಓದುತ್ತಿದ್ದ ಒಂದು ಸಾಲೂ ಕಡಿಮೆಯಾಗಲಿಲ್ಲ.

ಕ್ರಾಲ್ ಮಾಡಿದ ಪುಟಗಳು

ಸೈಟಿನಲ್ಲಿ ಮುರಿದ ಕೊಂಡಿಗಳು, ಖಾಲಿ ಶೀರ್ಷಿಕೆಗಳಂಥ ದೋಷಗಳನ್ನು ಹುಡುಕಲು ಟೂಲ್ ಪುಟದಿಂದ ಪುಟಕ್ಕೆ ಹೋಗಿ ಓದುತ್ತದೆ. ಇಲ್ಲಿ ಎರಡು ಮಿತಿಗಳಿರುತ್ತವೆ: ಒಂದು ಇಡೀ ಖಾತೆಗೆ ತಿಂಗಳ ಮಿತಿ, ಇನ್ನೊಂದು ಒಂದು ಸಲದ ಕ್ರಾಲಿಗೆ ಇರುವ ಮಿತಿ. ಒಂದೇ ಪುಟವನ್ನು ತಿಂಗಳಿಗೆ ನಾಲ್ಕು ಸಲ ಓದಿದರೆ ನಾಲ್ಕು ಪುಟವೆಂದೇ ಲೆಕ್ಕ.

ಜೀನ್ಸ್ ಸೈಟಿನಲ್ಲಿ 240 ಮಾದರಿಗಳೂ ಇತರೆ 30 ಪುಟಗಳೂ ಇದ್ದವು. 270 ಪುಟ ಬರಬೇಕಾದಲ್ಲಿ ಮೊದಲ ಕ್ರಾಲ್ 17,550 ಎಂದು ತೋರಿಸಿತು. ಪಟ್ಟಿಯನ್ನು ತೆರೆದು ನೋಡಿದಾಗ ಒಂದೇ ಪ್ಯಾಂಟು ಹೀಗೆ ಮತ್ತೆ ಮತ್ತೆ ಬಂದಿತ್ತು:

```
/jeans/slim-blue?size=32&color=2&from=home
/jeans/slim-blue?size=34&color=2&from=list
```

ಆರು ಅಳತೆ, ನಾಲ್ಕು ಬಣ್ಣ, ಗ್ರಾಹಕ ಯಾವ ಪುಟದಿಂದ ಬಂದನೆಂದು ತಿಳಿಸುವ ಮೂರು ಗುರುತು, ಹೀಗೆ ಪ್ರತಿ ಪ್ಯಾಂಟಿಗೆ 72 ವಿಳಾಸಗಳು. 240ನ್ನು 72ರಿಂದ ಗುಣಿಸಿದರೆ 17,280, ಮೂಲದ 270 ಸೇರಿ 17,550. ಶನಿವಾರಕ್ಕೊಮ್ಮೆ ಕ್ರಾಲ್ ಇಟ್ಟಿದ್ದೆ. ಐದು ಶನಿವಾರ ಬಂದ ತಿಂಗಳಲ್ಲಿ 87,750 ಪುಟಗಳನ್ನು ಈ ಒಂದು ಸೈಟೇ ನುಂಗಿತು. ರಾಯಚೂರಿನ ಅಕ್ಕಿ ಗಿರಣಿಯೊಂದರ ಸೈಟಿನ ಕ್ರಾಲ್ ಆ ತಿಂಗಳ ಕೊನೆಯಲ್ಲಿ ಅರ್ಧಕ್ಕೆ ನಿಂತದ್ದು ಇದರಿಂದಲೇ.

ಆ ಪುಟಗಳಲ್ಲಿ ಕ್ಯಾನಾನಿಕಲ್ ಟ್ಯಾಗ್ ಸರಿಯಾಗಿಯೇ ಇತ್ತು. ಅದು ಮೂಲ ಪುಟ ಯಾವುದೆಂದು ಹೇಳುತ್ತದೆ, ಆದರೆ ಅದನ್ನು ಓದಲು ಪುಟವನ್ನು ತೆರೆಯಲೇಬೇಕು, ತೆರೆದ ಮೇಲೆ ಎಣಿಕೆ ಆಗಿಯೇ ಹೋಗುತ್ತದೆ. ಪರಿಹಾರವಿರುವುದು ಟೂಲಿನ ಕ್ರಾಲ್ ಸೆಟ್ಟಿಂಗಿನಲ್ಲಿ. ವಿಳಾಸದಲ್ಲಿ `?` ಆದ ಮೇಲೆ ಬರುವ ಪ್ಯಾರಾಮೀಟರುಗಳಲ್ಲಿ ಕಡೆಗಣಿಸಬೇಕಾದವನ್ನು ಬರೆಯುವ ಜಾಗದಲ್ಲಿ `size`, `color`, `from` ಎಂದು ಬರೆದು ಉಳಿಸಿದೆ. ಮುಂದಿನ ಶನಿವಾರ 270 ಪುಟ, ಐದು ವಾರಕ್ಕೆ 1,350. ಇದೇ ಕೆಲಸವನ್ನು, ಯಾರು ಯಾವ ಪುಟ ಓದಬಾರದೆಂದು ಹೇಳುವ ಸೈಟಿನ `robots.txt` ಕಡತದಲ್ಲಿ, ಎಲ್ಲರಿಗೂ ಅನ್ವಯಿಸುವ `User-agent: *` ಎಂದು ಬರೆದು ಮಾಡಲು ಹೋಗಬಾರದು; ಆಗ ಗೂಗಲ್‌ಗೂ ಬಾಗಿಲು ಹಾಕಿದಂತಾಗುತ್ತದೆ.

ಒಂದು ಸಲದ ಮಿತಿಯನ್ನು ಚಿಕ್ಕದಾಗಿ, 500 ಪುಟ ಎಂದು ಇಟ್ಟರೆ ಉಳಿತಾಯವಾಗುತ್ತದಲ್ಲವೇ ಎನಿಸಬಹುದು. ಪ್ಯಾರಾಮೀಟರುಗಳನ್ನು ತೆಗೆಯದೆ ಹಾಗೆ ಮಾಡಿದರೆ ಆ 500 ಕೆಲವೇ ಪ್ಯಾಂಟುಗಳ ಅಳತೆ, ಬಣ್ಣಗಳಲ್ಲಿಯೇ ಮುಗಿದುಹೋಗಿ, ಬಹುಪಾಲು ಮಾದರಿಗಳನ್ನು ಟೂಲ್ ನೋಡುವುದೇ ಇಲ್ಲ. ಮೇಲೆ ಮಾತ್ರ ಸೈಟಿನ ಆರೋಗ್ಯ ಚೆನ್ನಾಗಿದೆ ಎಂಬ ಅಂಕ ಕಾಣಿಸುತ್ತದೆ. ಕ್ರಾಲ್ ಆದ ಪುಟಗಳ ಸಂಖ್ಯೆ ಸರಿಯಾಗಿ ಮಿತಿಯ ಸಂಖ್ಯೆಯೇ ಆಗಿದ್ದರೆ, ಅಥವಾ "ಒಂದೇ ಶೀರ್ಷಿಕೆಯ ಪುಟಗಳು" ಎಂಬ ಎಚ್ಚರಿಕೆಯ ಮುಂದೆ ದೊಡ್ಡ ಅಂಕಿ ಇದ್ದರೆ ಹೀಗಾಗಿದೆ ಎಂದು ಅನುಮಾನಿಸಬೇಕು. ಜಾವಾಸ್ಕ್ರಿಪ್ಟ್ ಓಡಿಸಿ ಪುಟ ಓದುವ ಆಯ್ಕೆಗೆ ಕೆಲವು ಟೂಲುಗಳು ಪ್ರತಿ ಪುಟಕ್ಕೆ ಹೆಚ್ಚು ಎಣಿಕೆ ಹಿಡಿಯುತ್ತವೆ. ಸಾದಾ ಸೈಟಿಗೆ ಅದು ಬೇಡ.

ರಿಪೋರ್ಟ್, ಪ್ರಾಜೆಕ್ಟ್

ರಿಪೋರ್ಟ್ ಎಂದರೆ ಗ್ರಾಹಕರಿಗೆ ಕಳುಹಿಸುವ ಪಿಡಿಎಫ್ ಎಂದು ನಾವು ತಿಳಿಯುತ್ತೇವೆ. ಪ್ಲಾನಿನ "ದಿನಕ್ಕೆ 3,000" ಅದಲ್ಲ. ಯಾವುದಾದರೂ ಸೈಟಿನ ಅಥವಾ ಪದದ ಬಗ್ಗೆ ಟೂಲಿನ ದತ್ತಾಂಶವನ್ನು ಕೇಳಿದ ಪ್ರತಿ ಸಲವೂ ಒಂದು ರಿಪೋರ್ಟ್. ಕೆಲವು ಟೂಲುಗಳಲ್ಲಿ ಸೋಸುವಿಕೆ ಬದಲಿಸಿದರೆ, ಎಕ್ಸ್‌ಪೋರ್ಟ್ ಮಾಡಿದರೆ ಕೂಡ ಎಣಿಕೆ ಏರುತ್ತದೆ. ದಿನದ ಲೆಕ್ಕದಲ್ಲಿ ಉಳಿದದ್ದು ಮರುದಿನಕ್ಕೆ ಸೇರುವುದಿಲ್ಲ. ಒಬ್ಬರೇ ಕೆಲಸ ಮಾಡುವ ಕಚೇರಿ ಈ ಮಿತಿಯನ್ನು ಮುಟ್ಟುವುದು ಅಪರೂಪ. ನಮ್ಮಂಥವರಿಗೆ ತಡೆಯಾಗುವುದು ಒಂದು ರಿಪೋರ್ಟಿನಲ್ಲಿ ಎಷ್ಟು ಸಾಲು ತೋರಿಸುತ್ತಾರೆ ಎಂಬ ಇನ್ನೊಂದು ಮಿತಿ.

ಪ್ರಾಜೆಕ್ಟ್ ಎಂದರೆ ಸಾಮಾನ್ಯವಾಗಿ ಒಂದು ಡೊಮೈನ್. ಕೀವರ್ಡ್‌ಗಳ 500 ಎಲ್ಲ ಪ್ರಾಜೆಕ್ಟುಗಳಿಗೂ ಸೇರಿ. ಪ್ರಾಜೆಕ್ಟಿಗೆ 500 ಅಲ್ಲ. ಸಹಾಯಕ್ಕೆ ಇನ್ನೊಬ್ಬರ ಲಾಗಿನ್ ಕೊಂಡರೂ ಸಾಮಾನ್ಯವಾಗಿ ಇವು ಹೆಚ್ಚುವುದಿಲ್ಲ, ಇದ್ದದ್ದರಲ್ಲಿಯೇ ಇಬ್ಬರೂ ಹಂಚಿಕೊಳ್ಳಬೇಕು. ಜಾಗ ಮಾಡಲೆಂದು ಹಳೆಯ ಪ್ರಾಜೆಕ್ಟನ್ನು ಅಳಿಸಿದರೆ ಅದರ ಸ್ಥಾನಗಳ ಇತಿಹಾಸವೆಲ್ಲ ಅದರೊಂದಿಗೆ ಹೋಗುತ್ತದೆ. ಅದೇ ಸೈಟನ್ನು ಮತ್ತೆ ಸೇರಿಸಿದರೆ ಇತಿಹಾಸ ಅಂದಿನಿಂದ ಶುರು. ಅಳಿಸುವ ಮುನ್ನ ಸ್ಥಾನಗಳ ಪಟ್ಟಿಯನ್ನು ಆರಂಭದ ದಿನದಿಂದ ಇಂದಿನವರೆಗೆ ಸಿಎಸ್‌ವಿಯಾಗಿ ಇಳಿಸಿಕೊಂಡು, ಕಡತವನ್ನು ತೆರೆದು ಕನ್ನಡ ಲಿಪಿಯ ಸಾಲುಗಳು ಪ್ರಶ್ನಾರ್ಥಕ ಚಿಹ್ನೆಗಳಾಗದೆ ಸರಿಯಾಗಿ ಬಂದಿವೆಯೇ ಎಂದು ನೋಡಿಕೊಂಡ ಮೇಲೆಯೇ ಅಳಿಸುವ ಗುಂಡಿ ಒತ್ತಬೇಕು.