ಕಂಪೆನಿ ಬದಲಾಯಿಸಿದೆ, ಬೋನಸ್ ಜೊತೆಗೇ ಬಂತು

2024ರ ಮೇ ತಿಂಗಳಲ್ಲಿ ನನ್ನ ಕಾರಿನ ವಿಮೆ ಮುಗಿಯುವುದಿತ್ತು. ಕೆಎಲ್ 14 ನಂಬರಿನ ಸಣ್ಣ ಕಾರು, 2020ರ ಮೇಯಲ್ಲಿ ಹೊಸದಾಗಿ ಕೊಂಡದ್ದು. ಬದಿಯಡ್ಕದಿಂದ ಕುಂಬಳೆಯ ಶಾಲೆಗೆ ದಿನಾ ಅದರಲ್ಲೇ ಹೋಗಿಬರುತ್ತೇನೆ. ನಾಲ್ಕು ವರ್ಷದಲ್ಲಿ ಒಂದು ಕ್ಲೈಮೂ ಮಾಡಿರಲಿಲ್ಲ. ಬೇರೆ ಕಂಪೆನಿಗೆ ಹೋಗೋಣ ಅಂತ ಹೇಳಿದಾಗ ನಮ್ಮ ಏಜೆಂಟರು, "ಬೇಡ ಮಾಷ್ಟ್ರೇ, ಕಂಪೆನಿ ಬದಲಿಸಿದ್ರೆ ನಿಮ್ಮ ಬೋನಸ್ ಎಲ್ಲ ಹೋಗ್ತದೆ" ಅಂದರು.

ಅದು ಸರಿಯಲ್ಲ. ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಕಂತಿನಲ್ಲಿ ಸಿಗುವ ಕಡಿತ, ಸೇರುವುದು ವಿಮೆ ಮಾಡಿಸಿದವರಿಗೆ. ಅದು ಕಂಪೆನಿಯದ್ದೂ ಅಲ್ಲ, ಕಾರಿನದ್ದೂ ಅಲ್ಲ. ಕ್ಲೈಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಮುಂದೆ ಏರುವುದಿಲ್ಲ. ಯಾವ ಕಂಪೆನಿಗೆ ಹೋದರೂ ಇದೇ ಮೆಟ್ಟಿಲು.

ಆದರೆ ಈ ಕಡಿತ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ, ಅಂದರೆ ನಮ್ಮದೇ ಕಾರಿಗೆ ಆಗುವ ಹಾನಿಯ ಭಾಗಕ್ಕೆ. ಥರ್ಡ್ ಪಾರ್ಟಿ ಹಣದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಬೋನಸ್ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕುವಾಗ ತುಂಬಾ ಜನ ಇದನ್ನು ಮರೆಯುತ್ತಾರೆ.

ನನ್ನ ಲೆಕ್ಕ ಹೀಗಿತ್ತು. ಹಳೆಯ ಕಂಪೆನಿಯಲ್ಲಿ ಓನ್ ಡ್ಯಾಮೇಜ್ 8,800 ರೂಪಾಯಿ. ಶೇ. 45 ಕಳೆದರೆ 4,840. ಹೊಸ ಕಂಪೆನಿಯಲ್ಲಿ 7,200. ಅದೇ ಶೇ. 45 ಕಳೆದರೆ 3,960. ಬೋನಸ್ ಎರಡೂ ಕಡೆ ಒಂದೇ, ಆದರೆ ಕಳೆಯುವ ಮೊದಲಿನ ಮೊತ್ತ ಬೇರೆ. ಥರ್ಡ್ ಪಾರ್ಟಿ ಮತ್ತು ಜಿಎಸ್‌ಟಿ ಇದರ ಮೇಲೆ ಬೇರೆ. ಹೋಲಿಸುವ ಮೊದಲು ಎರಡು ಕಡೆಯೂ ಐಡಿವಿ, ಅಂದರೆ ಕಾರಿಗೆ ಕಟ್ಟಿದ ಬೆಲೆ, ಒಂದೇ ಇದೆಯಾ ಅಂತ ನೋಡಿಕೊಂಡೆ. ಅದನ್ನು ಇಳಿಸಿದರೆ ಕಂತು ಸುಮ್ನೆ ಕಡಿಮೆ ಕಾಣುತ್ತದೆ.

ನಾನು ತಪ್ಪು ಮಾಡಿದ್ದು ಫಾರ್ಮ್ ತುಂಬುವಾಗ. 'ಹಿಂದಿನ ಪಾಲಿಸಿಯ ಎನ್‌ಸಿಬಿ ಎಷ್ಟು' ಅಂತ ಒಂದು ಪ್ರಶ್ನೆ ಇತ್ತು. ಎನ್‌ಸಿಬಿ ಅಂದರೆ ಇದೇ ನೋ ಕ್ಲೈಮ್ ಬೋನಸ್. ನನಗೆ ಸಿಗಬೇಕಾದ್ದು 45 ಅಲ್ವಾ ಅಂದುಕೊಂಡು ಅದನ್ನೇ ಆರಿಸಿದೆ. ಕಂತು 3,600 ಅಂತ ಬಂತು. ನನ್ನ ಲೆಕ್ಕಕ್ಕಿಂತ 360 ರೂಪಾಯಿ ಕಡಿಮೆ. ಯಾಕೆ ಅಂತ ಹುಡುಕಿದಾಗ ಶೇ. 50 ಕಳೆದಿರುವುದು ಕಂಡಿತು. ಮುಗಿಯುತ್ತಿದ್ದ ಪಾಲಿಸಿಯಲ್ಲಿ ಅಚ್ಚಾಗಿದ್ದದ್ದು 35. ಆ ವರ್ಷ ಕ್ಲೈಮ್ ಇಲ್ಲ ಅಂತ ಹೇಳಿದ ಮೇಲೆ ಒಂದು ಮೆಟ್ಟಿಲು ಏರಿಸುವುದು ಫಾರ್ಮಿನ ಕೆಲಸ. ನಾನೇ ಮೊದಲು ಏರಿಸಿದ್ದರಿಂದ ಎರಡು ಸಲ ಏರಿತ್ತು. 35 ಹಾಕಿದೆ, 3,960 ಸರಿಯಾಗಿ ಬಂತು.

360 ರೂಪಾಯಿ ಲಾಭವೇ ಆಯಿತಲ್ಲ ಅನ್ನಬಹುದು. ಆದರೆ ನಾವು ಸಹಿ ಮಾಡುವ ಹೇಳಿಕೆಯಲ್ಲಿ, ಬೋನಸ್ ವಿವರ ತಪ್ಪು ಅಂತ ಕಂಡರೆ ಓನ್ ಡ್ಯಾಮೇಜ್ ಭಾಗದ ಎಲ್ಲ ಸೌಲಭ್ಯವೂ ಹೋಗುತ್ತದೆ ಅಂತ ಬರೆದಿರುತ್ತದೆ. ಹೊಸ ಕಂಪೆನಿ ಹಳೆಯ ಕಂಪೆನಿಯನ್ನು ಕೇಳಿ ಇದನ್ನು ಖಚಿತ ಮಾಡಿಕೊಳ್ಳುತ್ತದೆ.

ನನ್ನ ಭಾವನಿಗೆ ಇದನ್ನೇ ಒತ್ತಿ ಹೇಳಬೇಕಾಯಿತು. ಆಟಿಯ ಮಳೆಗೆ ತೆಂಗಿನ ಮಡಲು ಬಿದ್ದು ಅವನ ಕಾರಿನ ಮುಂದಿನ ಗ್ಲಾಸ್ ಒಡೆದಿತ್ತು. ಕ್ಲೈಮ್ ಮಾಡಿ ಹಣ ಪಡೆದಿದ್ದ. "ಬೇರೆ ಕಂಪೆನಿಗೆ ಹೋದ್ರೆ ಅವ್ರಿಗೆ ಗೊತ್ತಾಗ್ಲಿಕ್ಕಿಲ್ಲ ಅಲ್ವಾ ಭಾವ?" ಅಂತ ಕೇಳಿದ. ಇಲ್ಲ, ಗೊತ್ತಾಗ್ತದೆ ಅಂದೆ. ಗೊತ್ತಾಗುವುದು ಅವನಿಗೆ ದೊಡ್ಡ ಅಪಘಾತ ಆಗಿ, ಲಕ್ಷಗಟ್ಟಲೆ ಹಣ ಬೇಕಾದ ಹೊತ್ತಿಗೂ ಆಗಬಹುದು. ಕಂಪೆನಿ ಬದಲಿಸಿದರೆ ಬೋನಸ್ ಜೊತೆಗೆ ಬರುವ ಹಾಗೆಯೇ ಕ್ಲೈಮೂ ಬರುತ್ತದೆ. ಅವನು 'ಕ್ಲೈಮ್ ಆಗಿದೆ' ಅಂತಲೇ ತುಂಬಿದ. ಬೋನಸ್ ಸೊನ್ನೆಗೆ ಇಳಿಯಿತು.

ಬೋನಸ್ ನಿಜವಾಗಿ ಕಳೆದುಹೋಗುವ ಇನ್ನೊಂದು ದಾರಿ ತಡ ಮಾಡುವುದು. ಪಾಲಿಸಿ ಮುಗಿದು 90 ದಿನದ ಒಳಗೆ ನವೀಕರಿಸದಿದ್ದರೆ ಎಷ್ಟು ವರ್ಷ ಕೂಡಿಸಿದ್ದರೂ ಹೋಯಿತು. 90 ದಿನ ಇದೆ ಅಂತ ಕಾಯುವುದೂ ಬೇಡ. ಆ ನಡುವೆ ಕಾರಿಗೆ ವಿಮೆಯೇ ಇರುವುದಿಲ್ಲ, ಆಮೇಲೆ ಕಾರಿನ ತಪಾಸಣೆಯೂ ಆಗಬೇಕಾಗುತ್ತದೆ. ನಾನು ಹತ್ತು ದಿನ ಮೊದಲೇ ಹಣ ಕಟ್ಟಿದೆ. ಹೊಸ ಪಾಲಿಸಿ ಹಳೆಯದು ಮುಗಿದ ಮಧ್ಯರಾತ್ರಿಯಿಂದಲೇ ಶುರುವಾಯಿತು.

ಹೊಸ ಪಾಲಿಸಿ ಬಂದ ತಕ್ಷಣ ಎನ್‌ಸಿಬಿ ಸಾಲಿನಲ್ಲಿ 45 ಇದೆಯಾ ಅಂತ ನೋಡಿದೆ. ಹಳೆಯ ಪಾಲಿಸಿಯ ಪ್ರತಿಯನ್ನೂ ಅದರ ಜೊತೆಗೇ ಇಟ್ಟೆ. 2025ರ ಮೇಯಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಅಚ್ಚಾಗಿದ್ದ 45 ಅನ್ನೇ ಹಾಕಿದೆ, ಶೇ. 50 ಸಿಕ್ಕಿತು.