ಸಿಗ್ನಲ್‌ನ ಬಾಲ ಕತ್ತರಿಸಲು ಹೋಗಿ ಕಲಿತದ್ದು: ಗ್ರೂಪ್ ಡಿಲೇ ಮತ್ತು ಆಲ್-ಪಾಸ್

ತುಮಕೂರಿನ ಹತ್ತಿರ ವಸಂತನರಸಾಪುರದ ಒಂದು ಚಿಕ್ಕ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಇದೆ. ಪ್ರತಿ ಹೊಡೆತಕ್ಕೆ ಎಷ್ಟು ಬಲ ಬೀಳುತ್ತೆ ಅಂತ ಅಳೆಯೋಕೆ ಒಂದು ಬೋರ್ಡ್ ಮಾಡಿಕೊಟ್ಟಿದ್ದೆ. ಅಲ್ಲಿನ ಮೋಟಾರ್ ಡ್ರೈವ್‌ನಿಂದ 4 ಕಿಲೋಹರ್ಟ್ಸ್ ಗದ್ದಲ ಬರುತ್ತಿತ್ತು. ಅದನ್ನು ತಡೆಯೋಕೆ 1 ಕಿಲೋಹರ್ಟ್ಸ್‌ನಲ್ಲಿ ನಾಲ್ಕನೇ ಆರ್ಡರಿನ ಬಟರ್‌ವರ್ತ್ ಲೋ-ಪಾಸ್ ಫಿಲ್ಟರ್ ಹಾಕಿದೆ. ಗದ್ದಲ ಹೋಯ್ತು. ಆದರೆ ಬಲದ ಪಲ್ಸ್ ಒಂದು ಕಡೆಗೆ ವಾಲಿಕೊಂಡಿತ್ತು, ಅದರ ಹಿಂದೆ ಸಣ್ಣ ಗುಬ್ಬಚ್ಚಿಯಂಥ ಒಂದು ಉಬ್ಬು.

ಮಾಲೀಕರು ಸ್ಕ್ರೀನ್ ನೋಡಿ, "ಏನ್ ಸಾರ್ ಇದು, ನಮ್ ಪ್ರೆಸ್ ಎರಡೆರಡು ಸಲ ಹೊಡೀತಾ ಇದ್ಯಾ?" ಅಂದರು. ಇಲ್ಲ, ನನ್ನ ಫಿಲ್ಟರೇ ಆ ಉಬ್ಬು ಹುಟ್ಟಿಸುತ್ತಿತ್ತು.

ಮೊದಲು ಬೇರೆ ಫಿಲ್ಟರ್ ಹಾಕೋಣ ಅಂದುಕೊಂಡೆ. ಬೆಸೆಲ್ ಫಿಲ್ಟರ್ ಪಲ್ಸ್‌ನ ಆಕಾರ ಕೆಡಿಸಲ್ಲ, ಅದು ಗೊತ್ತಿತ್ತು. ಆದರೆ ಲೆಕ್ಕ ಹಾಕಿದರೆ ಅದೇ ನಾಲ್ಕನೇ ಆರ್ಡರಿನ ಬೆಸೆಲ್ 4 ಕಿಲೋಹರ್ಟ್ಸ್ ಗದ್ದಲವನ್ನು ಸುಮಾರು 53ರಲ್ಲಿ ಒಂದು ಪಾಲಿಗೆ ಇಳಿಸುತ್ತೆ, ಬಟರ್‌ವರ್ತ್ 256ರಲ್ಲಿ ಒಂದು ಪಾಲಿಗೆ. ಐದು ಪಟ್ಟು ಗದ್ದಲ ವಾಪಸ್ ಬರುತ್ತೆ ಅಂದರೆ ಮಾಡಿದ ಕೆಲಸವೇ ದಂಡ, ಅಲ್ವಾ? ಹಾಗಾಗಿ ಬಟರ್‌ವರ್ತ್ ಇಟ್ಟುಕೊಂಡೇ ಅದರ ಹಂತ, ಅಂದರೆ ಫೇಸ್, ಸರಿಮಾಡಬೇಕಿತ್ತು.

ಇಲ್ಲೇ ನಾನು ಎಡವಿದ್ದು. 1 ಕಿಲೋಹರ್ಟ್ಸ್‌ನಲ್ಲಿ ಈ ಫಿಲ್ಟರ್ ಸರಿಯಾಗಿ 180 ಡಿಗ್ರಿ ಹಿಂದೆ ಬೀಳುತ್ತೆ. ಅಂದರೆ ಅರ್ಧ ಸುತ್ತು, 0.5 ಮಿಲಿಸೆಕೆಂಡ್. ತೀರಾ ಕಡಿಮೆ ಆವರ್ತನದಲ್ಲಿ ತಡ 0.416 ಮಿಲಿಸೆಕೆಂಡ್. ವ್ಯತ್ಯಾಸ 0.08 ಮಾತ್ರ, ಇಷ್ಟಕ್ಕೆ ಉಬ್ಬು ಯಾಕೆ ಬರುತ್ತೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ನಾನು ಲೆಕ್ಕ ಹಾಕಿದ್ದು ಫೇಸ್ ಡಿಲೇ, ಒಂದು ಸೈನ್ ಅಲೆಯ ಏರಿಳಿತ ಎಷ್ಟು ತಡವಾಯ್ತು ಅನ್ನೋದು. ಪಲ್ಸ್ ಅಂದರೆ ಹತ್ತಿರ ಹತ್ತಿರದ ಆವರ್ತನಗಳ ಗುಂಪು. ಆ ಗುಂಪು ಎಷ್ಟು ತಡವಾಗಿ ಬರುತ್ತೆ ಅನ್ನೋದನ್ನು ಹೇಳುವುದು ಗ್ರೂಪ್ ಡಿಲೇ, ಅಂದರೆ ಫೇಸ್ ಗೆರೆಯ ಇಳಿಜಾರು. ಅದು 1 ಕಿಲೋಹರ್ಟ್ಸ್‌ನಲ್ಲಿ 0.588, ಮತ್ತೆ 890 ಹರ್ಟ್ಸ್ ಆಸುಪಾಸಿನಲ್ಲಿ 0.622 ಮಿಲಿಸೆಕೆಂಡ್‌ವರೆಗೆ ಏರುತ್ತೆ. ನಿಜವಾದ ವ್ಯತ್ಯಾಸ 206 ಮೈಕ್ರೊಸೆಕೆಂಡ್. ನಿಧಾನದ ಅಲೆಗಳು ಮೊದಲೇ ಬಂದು ಮುಟ್ಟುತ್ತವೆ, 900 ಹರ್ಟ್ಸ್ ಹತ್ತಿರದವು ಹಿಂದೆ ಉಳಿದು ಬಾಲವಾಗಿ ಕಾಣಿಸುತ್ತವೆ.

ಬೆಂಚ್ ಮೇಲೆ ಇದನ್ನು ಅಳೆಯೋದು ಸುಲಭ, ಆದರೆ ಒಂದು ಎಚ್ಚರ ಬೇಕು. ಫಂಕ್ಷನ್ ಜನರೇಟರ್‌ನಿಂದ ಎರಡು ಆವರ್ತನ ಕೊಟ್ಟು, ಸ್ಕೋಪ್‌ನಲ್ಲಿ ಒಳಗೂ ಹೊರಗೂ ಇರುವ ಹಂತದ ವ್ಯತ್ಯಾಸ ಓದಿ, ಎರಡನ್ನೂ ಕಳೆಯಬೇಕು. ಮೊದಲು ನಾನು 20 ಹರ್ಟ್ಸ್ ಅಂತರ ಇಟ್ಟೆ. ಆಗ ಹಂತ ಬದಲಾಗೋದೇ ನಾಲ್ಕೂವರೆ ಡಿಗ್ರಿ, ಓದುವಾಗ ಒಂದು ಡಿಗ್ರಿ ತಪ್ಪಿದರೂ ಉತ್ತರ ಹಾಳು. ಆಮೇಲೆ 840ರಿಂದ 940ಕ್ಕೆ ಹೋದೆ. 22 ಡಿಗ್ರಿ ಬದಲಾಯ್ತು. 22 ಅನ್ನು 360 × 100ರಿಂದ ಭಾಗಿಸಿದರೆ 0.61 ಮಿಲಿಸೆಕೆಂಡ್. ಲೆಕ್ಕಕ್ಕೆ ಸರಿಹೋಯ್ತು.

ಇನ್ನು ಸರಿಪಡಿಸೋದು. ತಡವಾದದ್ದನ್ನು ಬೇಗ ಬರಿಸೋಕೆ ಆಗಲ್ಲ. ತುಮಕೂರಿನಿಂದ ಸಿದ್ಧಗಂಗೆಗೆ ಗುಂಪಾಗಿ ನಡೆದು ಹೊರಟಾಗ ಎಲ್ಲರೂ ಒಟ್ಟಿಗೆ ಮಠ ತಲುಪಬೇಕಾದರೆ ಏನು ಮಾಡ್ತೀವಿ? ಮುಂದೆ ಹೋದವರನ್ನು ಕ್ಯಾತ್ಸಂದ್ರದಲ್ಲಿ ಚಹಾ ಕುಡಿಸಿ ಕೂರಿಸ್ತೀವಿ. ಆಲ್-ಪಾಸ್, ಅಂದರೆ ಅಲೆಯ ಎತ್ತರ ಮುಟ್ಟದೆ ತಡ ಮಾತ್ರ ಸೇರಿಸುವ ಸರ್ಕ್ಯೂಟ್, ಮಾಡೋದೂ ಅದೇ. ಒಂದನೇ ಆರ್ಡರಿನ ಆಲ್-ಪಾಸ್ ಕಡಿಮೆ ಆವರ್ತನಗಳನ್ನು ಜಾಸ್ತಿ ಹೊತ್ತು ಕಾಯಿಸುತ್ತೆ, ಮೇಲಿನವನ್ನು ಕಡಿಮೆ. ನನ್ನ ಫಿಲ್ಟರ್ ತಡ ಮಾಡುವ ಕ್ರಮ ಇದಕ್ಕೆ ಸರಿಯಾಗಿ ಉಲ್ಟಾ.

ಸರ್ಕ್ಯೂಟ್ ಒಂದೇ ಆಪ್-ಆಂಪ್. ಸಿಗ್ನಲ್ ಒಂದು 10 ಕಿಲೋಓಮ್ ಮೂಲಕ ಮೈನಸ್ ಕಾಲಿಗೆ, ಔಟ್‌ಪುಟ್‌ನಿಂದ ಇನ್ನೊಂದು 10 ಕಿಲೋಓಮ್ ಅದೇ ಕಾಲಿಗೆ. ಪ್ಲಸ್ ಕಾಲಿಗೆ ಸಿಗ್ನಲ್ 18 ಕಿಲೋಓಮ್ ಮೂಲಕ, ಆ ಕಾಲಿನಿಂದ ನೆಲಕ್ಕೆ 10 ನ್ಯಾನೊಫ್ಯಾರಡ್. ಸೂತ್ರದಲ್ಲಿ ಮೇಲೆ 1−sRC, ಕೆಳಗೆ 1+sRC. ಯಾವ ಆವರ್ತನ ಹಾಕಿದರೂ ಮೇಲಿನ ಅಳತೆಯೂ ಕೆಳಗಿನ ಅಳತೆಯೂ ಒಂದೇ, ಅದಕ್ಕೇ ಎತ್ತರ ಬದಲಾಗಲ್ಲ. ಹಂತ ಮಾತ್ರ 0ಯಿಂದ 180 ಡಿಗ್ರಿಯವರೆಗೆ ಜಾರುತ್ತೆ, 884 ಹರ್ಟ್ಸ್‌ನಲ್ಲಿ 90. (18 ಮತ್ತು 10 ನ್ಯಾನೊ ಜಾಗ ಅದಲುಬದಲು ಮಾಡಿದರೂ ಗ್ರೂಪ್ ಡಿಲೇ ಹಾಗೇ ಇರುತ್ತೆ, ಸಿಗ್ನಲ್ ತಲೆಕೆಳಗಾಗುತ್ತೆ ಅಷ್ಟೆ. ನಾನು ಒಮ್ಮೆ ಹಾಗೂ ಮಾಡಿದ್ದೇನೆ.)

18 ಕಿಲೋಓಮ್ ಹೇಗೆ ಬಂತು ಅಂದರೆ, ಬೆಲೆ ಬದಲಾಯಿಸುತ್ತಾ ಇದನ್ನು ಓಡಿಸಿ ನೋಡಿದೆ:

```python
import numpy as np
from scipy import signal
w = 2*np.pi*np.linspace(10, 1000, 400)
b, a = signal.butter(4, 2*np.pi*1000, analog=True)
_, h = signal.freqs(b, a, w)
RC = 18e3 * 10e-9
h = h * (1 - 1j*w*RC) / (1 + 1j*w*RC)
gd = -np.gradient(np.unwrap(np.angle(h)), w)
print(gd.min()*1e3, gd.max()*1e3)
```

ತಡ 0.75ರಿಂದ 0.81 ಮಿಲಿಸೆಕೆಂಡ್ ನಡುವೆ ನಿಂತಿತು. 206 ಮೈಕ್ರೊಸೆಕೆಂಡ್ ಇದ್ದ ವ್ಯತ್ಯಾಸ ಸುಮಾರು 60ಕ್ಕೆ ಇಳಿಯಿತು. ಎರಡನೇ ಆರ್ಡರಿನ ಆಲ್-ಪಾಸ್ ಇನ್ನೊಂದು ಸೇರಿಸಿದರೆ ಇನ್ನೂ ಚಪ್ಪಟೆಯಾಗುತ್ತೆ, ಆದರೆ ಒಟ್ಟು ತಡ ಮತ್ತೂ ಏರುತ್ತೆ, ನನಗೆ ಬೇಕಿರಲಿಲ್ಲ. ಬರೀ ರೆಕಾರ್ಡ್ ಮಾಡೋ ಕೆಲಸವಾಗಿದ್ದರೆ ಇದ್ಯಾವುದೂ ಬೇಡ, ಡೇಟಾವನ್ನು ಹಿಂದು ಮುಂದಾಗಿ ಎರಡು ಸಲ ಫಿಲ್ಟರ್ ಮಾಡಿದರೆ ಆಯ್ತು. ಇಲ್ಲಿ ಬಲ ಮಿತಿ ಮೀರಿದ ಕೂಡಲೇ ರಿಲೇ ಬೀಳಬೇಕಿತ್ತು.

ಬೋರ್ಡ್ ಕಟ್ಟಿದ ಮೇಲೆ 900 ಹರ್ಟ್ಸ್ ಹತ್ತಿರ ಸಿಗ್ನಲ್ 3 ಪರ್ಸೆಂಟ್ ಎದ್ದುಕೊಂಡಿತ್ತು. ಎತ್ತರ ಬದಲಾಗಲ್ಲ ಅಂದವರು ಯಾರು ಅಂತ ಸಿಟ್ಟೇ ಬಂತು. ಬಿಚ್ಚಿ ಮೀಟರ್ ಇಟ್ಟು ನೋಡಿದರೆ 5 ಪರ್ಸೆಂಟ್ ಡಬ್ಬದ ರೆಸಿಸ್ಟರ್‌ಗಳು, ಒಂದು 9.7, ಇನ್ನೊಂದು 10.3 ಕಿಲೋಓಮ್. ಈ ಸರ್ಕ್ಯೂಟಿನಲ್ಲಿ ಕೆಳಗಿನ ಆವರ್ತನಕ್ಕೆ ಗೇನ್ ಯಾವಾಗಲೂ ಒಂದೇ, ಮೇಲೆ ಹೋದ ಹಾಗೆ ಅದು ಆ ಎರಡು ರೆಸಿಸ್ಟರ್‌ಗಳ ಅನುಪಾತಕ್ಕೆ ವಾಲುತ್ತೆ. ಹಾಗಾಗಿ ಡಿಸಿ ಕೊಟ್ಟು ಪರೀಕ್ಷೆ ಮಾಡಿದರೆ ತಪ್ಪು ಕಾಣೋದೇ ಇಲ್ಲ. 1 ಪರ್ಸೆಂಟಿನವು ಹಾಕಿದೆ, ಸರಿಹೋಯ್ತು. ಇದನ್ನು ಫಿಲ್ಟರ್‌ನ ಆಪ್-ಆಂಪ್ ಔಟ್‌ಪುಟ್‌ಗೇ ನೇರ ಜೋಡಿಸಿ. ಸೆನ್ಸರ್ ಕಡೆ ಸರಣಿಯಲ್ಲಿ ರೆಸಿಸ್ಟರ್ ಇರುವ ಜಾಗಕ್ಕೆ ಕೊಟ್ಟರೆ ಅದೂ ಲೆಕ್ಕಕ್ಕೆ ಸೇರಿಕೊಂಡು ಎತ್ತರ ಕೆಡುತ್ತೆ.

ಮತ್ತೆ ವಸಂತನರಸಾಪುರಕ್ಕೆ ಹೋದೆ. ಪಲ್ಸ್ ಈಗ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಥರ, ಹಿಂದಿನ ಉಬ್ಬು ಚಿಕ್ಕದಾಗಿದೆ. ಆದರೆ ಮೇಲೇರುವ ಮುಂಚೆ ಒಂದು ಸಣ್ಣ ತಗ್ಗು. "ಹೊಡೆಯೋಕೆ ಮುಂಚೆ ಕೆಳಗ್ ಯಾಕ್ ಹೋಗ್ತದೆ ಸಾರ್?" ಅಂದರು. ಅದು ಆಲ್-ಪಾಸ್‌ನ ಗುಣ. ತಟ್ಟನೆ ಬಂದ ಏರಿಳಿತಕ್ಕೆ ಅದು ಮೊದಲು ಉಲ್ಟಾ ದಿಕ್ಕಿಗೇ ಹೊರಡುತ್ತೆ. ಫಿಲ್ಟರ್‌ನ ಚೂಪಾದ ಕಡಿತದಿಂದ ಬರುವ ಅಲುಗಾಟ ಪೂರ್ತಿ ಹೋಗಿಲ್ಲ, ಒಂದೇ ಕಡೆ ಇದ್ದದ್ದು ಎರಡೂ ಕಡೆಗೆ ಹಂಚಿಹೋಗಿದೆ. ಸಾಫ್ಟ್‌ವೇರ್ ಶೂನ್ಯ ದಾಟಿದ ಕೂಡಲೇ ಹೊಡೆತ ಶುರು ಅಂತ ಎಣಿಸುತ್ತಿತ್ತು. ಅದನ್ನು ಗರಿಷ್ಠದ 10 ಪರ್ಸೆಂಟಿಗೆ ಏರಿಸಿಟ್ಟು, ಮುಂದಿನ ಶಿಫ್ಟ್ ಪೂರ್ತಿ ಅಲ್ಲೇ ಕೂತು ನೋಡಿದೆ. ಪ್ರತಿ ಹೊಡೆತ ಒಂದೇ ಸಲ ಎಣಿಸಿಕೊಳ್ತು.